ಮೈದಾ ಕರುಳಿಗೆ ಅಂಟಿಕೊಳ್ಳುವುದಿಲ್ಲ: ಗಟ್ಟಿಯಾದ ಹೊಟ್ಟೆಯನ್ನು ಮಧ್ಯಾಹ್ನದ ತಾಟಿನಿಂದ ಸರಿಪಡಿಸುವ ಬಗೆ

ಮೈದಾ ಕರುಳಿಗೆ ಅಂಟಿಕೊಂಡು ಕೂತುಬಿಡುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅಂಟುವುದಿಲ್ಲ. ನಿಜ ಸಂಗತಿ ಅದಕ್ಕೆ ಉಲ್ಟಾ. ಮೈದಾ, ಪಾಲಿಶ್ ಮಾಡಿದ ಅಕ್ಕಿ ಎರಡೂ ಸಣ್ಣ ಕರುಳಿನಲ್ಲೇ ಹೆಚ್ಚುಕಡಿಮೆ ಪೂರ್ತಿ ಜೀರ್ಣವಾಗಿ ರಕ್ತಕ್ಕೆ ಸೇರಿಬಿಡುತ್ತವೆ. ಮುಂದಿನ ದೊಡ್ಡ ಕರುಳಿಗೆ ತಲುಪಲು ಏನೂ ಉಳಿಯುವುದಿಲ್ಲ. ತೊಂದರೆ ಇರುವುದು ಈ ಏನೂ ಉಳಿಯದಿರುವುದರಲ್ಲಿ.

ದೊಡ್ಡ ಕರುಳಿಗೆ ದಿನಕ್ಕೆ ಒಂದೂವರೆ ಲೀಟರ್‌ನಷ್ಟು ತಿಳಿ ದ್ರವ ಬಂದು ಸೇರುತ್ತದೆ. ಅದರಲ್ಲಿನ ನೀರನ್ನು ಹೀರಿಕೊಳ್ಳುವುದೇ ಅದರ ಮುಖ್ಯ ಕೆಲಸ. ನಾರು ಇದ್ದರೆ ಒಂದಷ್ಟು ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಆ ನಾರೇ ಊಟ. ಅವು ತಿಂದು ಬೆಳೆದಷ್ಟೂ ಮಲದ ಗಾತ್ರ ಹೆಚ್ಚುತ್ತದೆ, ಕರುಳಿನ ಗೋಡೆ ಹಿಗ್ಗುತ್ತದೆ, ಮುಂದಕ್ಕೆ ತಳ್ಳುವ ಕೆಲಸ ಚುರುಕಾಗುತ್ತದೆ. ನಾರು ಕಡಿಮೆಯಾದರೆ ಗಾತ್ರವಿಲ್ಲ, ತಳ್ಳುವುದೂ ನಿಧಾನ. ಮಲ ಅಲ್ಲೇ ಎರಡು-ಮೂರು ದಿನ ಕೂತು, ಕೂತಷ್ಟೂ ನೀರು ಕಳೆದುಕೊಂಡು, ಕೊನೆಗೆ ಆಡಿನ ಹಿಕ್ಕೆಯ ಹಾಗೆ ಗಟ್ಟಿ ಉಂಡೆಗಳಾಗಿ ಹೊರಬರುತ್ತದೆ. ಉಗಾಂಡದಲ್ಲಿ ಕೆಲಸ ಮಾಡಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ತನ್ನ ಸಂಗಡಿಗರೊಡನೆ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕಂಡದ್ದು ಇದೇ. ಒರಟು ಧಾನ್ಯ ತಿನ್ನುವ ಆಫ್ರಿಕದ ಹಳ್ಳಿಗರ ಮಲ ತೂಕದಲ್ಲಿ ಹೆಚ್ಚಿತ್ತು, ಬೇಗ ಹೊರಬರುತ್ತಿತ್ತು. ನಯಗೊಳಿಸಿದ ಆಹಾರ ತಿನ್ನುವ ಇಂಗ್ಲೆಂಡಿನವರಲ್ಲಿ ಅದು ಕಡಿಮೆಯೂ ಹೌದು, ನಿಧಾನವೂ ಹೌದು.

ಆದ್ದರಿಂದ ನಾನು ಯಾರಿಗೂ ಮೊದಲು "ಮೈದಾ ಬಿಡಿ" ಎನ್ನುವುದಿಲ್ಲ. ಮೈದಾ, ಬಿಳಿ ಅನ್ನ, ಭಜಿ, ಚೀಸ್ ಇವೆಲ್ಲ ಸೇರಿ ತಾಟಿನಿಂದ ಯಾವುದನ್ನು ಹೊರಗೆ ತಳ್ಳಿವೆ ಎಂದು ಹುಡುಕುತ್ತೇನೆ. ಬಹುಪಾಲು ಜನರಲ್ಲಿ ಅದನ್ನು ವಾಪಸ್ ತಂದರೆ ಸಾಕು, ಉಳಿದದ್ದು ತಾನಾಗಿ ಜಾಗ ಬಿಟ್ಟುಕೊಡುತ್ತದೆ. ಅದನ್ನು ಹೇಗೆ ಮಾಡುವುದು ಎಂಬುದನ್ನು ವಿಜಯಪುರದ ಒಬ್ಬರ ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ.

ಅವರಿಗೆ 44 ವರ್ಷ, ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹುಟ್ಟಿ ಬೆಳೆದದ್ದು ಸಿಂದಗಿ ಕಡೆಯ ಹಳ್ಳಿಯಲ್ಲಿ, ಅಲ್ಲಿದ್ದಾಗ ಮೂರು ಹೊತ್ತೂ ರೊಟ್ಟಿ. ಪಟ್ಟಣಕ್ಕೆ ಬಂದ ಮೇಲೆ ಹೆಂಡತಿಯೂ ಕೆಲಸಕ್ಕೆ ಹೋಗುವುದರಿಂದ ರೊಟ್ಟಿ ಬಡಿಯುವುದು ಭಾನುವಾರಕ್ಕೆ ನಿಂತಿತು. ಕುಕ್ಕರ್ ಇಟ್ಟರೆ ಅನ್ನವಾಗುತ್ತದೆ, ಅದೇ ಸಾಕು ಎಂದಾಯಿತು. ಮೂರು ದಿನಕ್ಕೊಮ್ಮೆ ಸಂಡಾಸ, ಅದೂ ಮೊಬೈಲ್ ಹಿಡಿದು ಇಪ್ಪತ್ತು ನಿಮಿಷ. ರಾತ್ರಿ ಯಾವುದೋ ಚೂರ್ಣ. ನನ್ನೆದುರು ಕೂತವರೇ ಹೇಳಿದ್ದು: "ಮೇಡಮ್ಮಾರ, ಒಂದು ಛಲೋ ಗುಳಿಗಿ ಬರ್ದು ಕೊಡ್ರಿ, ಊಟದ ಮಾತು ಆಮ್ಯಾಲ ನೋಡೂಣು."

ಊಟಕ್ಕೆ ಕೈ ಹಾಕುವ ಮುನ್ನ

ಕೆಲವು ಲಕ್ಷಣಗಳಿದ್ದರೆ ಈ ಬರಹವನ್ನು ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಬಳಿ ಹೋಗಬೇಕು. ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪಾಗಿ ಜಿಗುಟಾದ ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಮನೆತನದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು, ಅಥವಾ 45 ದಾಟಿದವರಲ್ಲಿ ಇಷ್ಟು ವರ್ಷ ಸರಿಯಿದ್ದ ಹೊಟ್ಟೆ ಇದ್ದಕ್ಕಿದ್ದಂತೆ ಬದಲಾಗಿ ವಾರಗಟ್ಟಲೆ ಹಾಗೇ ಉಳಿಯುವುದು. ರಕ್ತ ಕಂಡರೆ "ಮೂಲವ್ಯಾಧಿ ಇರಬೇಕು" ಎಂದು ತಾವೇ ತೀರ್ಮಾನಿಸುವವರು ನಮ್ಮಲ್ಲಿ ಬಹಳ. ಎಷ್ಟೋ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ಆದರೆ ಹಾಗೆಂದು ಹೇಳಬೇಕಾದವರು ಪರೀಕ್ಷೆ ಮಾಡಿದ ಡಾಕ್ಟರು. ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಗ್ಯಾಸ್ ಕೂಡ ಹೋಗುತ್ತಿಲ್ಲ ಎಂದಾದರೆ ಮರುದಿನದವರೆಗೂ ಕಾಯಬಾರದು, ಆಗಿಂದಾಗಲೇ ಆಸ್ಪತ್ರೆಗೆ ಹೊರಡಬೇಕು.

ಇನ್ನೊಂದು, ತಿನ್ನುತ್ತಿರುವ ಗುಳಿಗೆಗಳು. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ಕೆಲವು ಬಿಪಿ ಗುಳಿಗೆ, ಬಲವಾದ ನೋವಿನ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಔಷಧ ಇವೆಲ್ಲ ಹೊಟ್ಟೆ ಕಟ್ಟುತ್ತವೆ. ಥೈರಾಯ್ಡ್ ಕಡಿಮೆ ಇದ್ದರೂ ಹಾಗೆಯೇ. ಆಗ ಎಷ್ಟು ರೊಟ್ಟಿ ತಿಂದರೂ ಅರ್ಧ ಕೆಲಸವೇ ಆಗುವುದು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸದೆ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ನಮ್ಮ ಲೆಕ್ಕದವರಿಗೆ ಇದ್ಯಾವುದೂ ಇರಲಿಲ್ಲ, ಥೈರಾಯ್ಡ್ ಪರೀಕ್ಷೆಯೂ ಸರಿ ಬಂದಿತ್ತು.

ಮೊದಲ ಹೆಜ್ಜೆ: ಒಂದು ವಾರ ಏನೂ ಬದಲಿಸದೆ ಬರೆಯಿರಿ

ಸಣ್ಣ ನೋಟ್‌ಬುಕ್‌ನಲ್ಲಿ ಎಡಕ್ಕೆ ತಿಂದದ್ದು, ಬಲಕ್ಕೆ ಮಲದ ಆಕಾರ. ಆಕಾರಕ್ಕೆ ಡಾಕ್ಟರುಗಳು ಬಳಸುವ ಬ್ರಿಸ್ಟಲ್ ಪಟ್ಟಿಯೇ ಸಾಕು. ಇದರಲ್ಲಿ 1ರಿಂದ 7ರವರೆಗೆ ಅಂಕಿಗಳಿವೆ. 1 ಎಂದರೆ ಬಿಡಿಬಿಡಿಯಾದ ಗಟ್ಟಿ ಉಂಡೆ. 2 ಎಂದರೆ ಉಂಡೆಗಳೇ ಒಂದಕ್ಕೊಂದು ಮೆತ್ತಿಕೊಂಡ ಗಂಟುಗಂಟಾದ ಉದ್ದನೆಯ ಮಲ. 3 ಎಂದರೆ ಮೇಲೆ ಬಿರುಕು ಇದ್ದರೂ ಒಂದೇ ತುಂಡು. 4 ನಯವಾಗಿ, ಮೆತ್ತಗೆ, ತಿಣುಕದೆ ಬರುವಂಥದ್ದು. 5 ಮೆತ್ತನೆಯ ಚೂರುಗಳು, 6 ಅಂಬಲಿಯಷ್ಟು ಸಡಿಲ, 7 ಬರೀ ನೀರು. ನಮಗೆ ಬೇಕಾದದ್ದು 3 ಮತ್ತು 4.

ಜನ ದಿನ ಎಣಿಸುತ್ತಾರೆ, ನಾನು ಆಕಾರ ನೋಡುತ್ತೇನೆ. ಎರಡು ದಿನಕ್ಕೊಮ್ಮೆ ಹೋದರೂ 4 ಬಂದು, ಹೋದ ಮೇಲೆ ಹೊಟ್ಟೆ ಹಗುರಾದರೆ ಅದು ಕಾಯಿಲೆಯಲ್ಲ. ದಿನಕ್ಕೆರಡು ಸಲ ಹೋಗಿ ಎರಡು ಸಲವೂ 1 ಬಂದರೆ ಅದೇ ಮಲಬದ್ಧತೆ. ಲೆಕ್ಕದವರ ನೋಟ್‌ಬುಕ್‌ನಲ್ಲಿ ಇದ್ದದ್ದು 1 ಮತ್ತು 2. ನಡುವೆ ಒಂದು ದಿನ 6, ಅದು ಚೂರ್ಣ ಹೆಚ್ಚು ತೆಗೆದುಕೊಂಡ ರಾತ್ರಿಯ ಮಾರನೇ ದಿನ.

ಇಲ್ಲಿ ಬಣ್ಣದ ಬಗ್ಗೆ ಒಂದು ಮಾತು. ಬೀಟ್‌ರೂಟ್ ತಿಂದ ಮರುದಿನ ಮಲ ಕೆಂಪಾದರೆ, ಹೊತ್ತು ಹೊತ್ತಿಗೂ ತಪ್ಪಲ ತಿಂದು ಹಸಿರಾದರೆ ಹೆದರಬೇಕಾಗಿಲ್ಲ. ಕಬ್ಬಿಣದ ಗುಳಿಗೆಯೂ ಮಲವನ್ನು ಕಪ್ಪಾಗಿಸುತ್ತದೆ. ಏನು ತಿಂದಿದ್ದಿರಿ ಎಂದು ಎಡಗಡೆ ಬರೆದಿದ್ದರೆ ಈ ಗೊಂದಲ ಬರುವುದಿಲ್ಲ.

ಎರಡನೇ ಹೆಜ್ಜೆ: ನಾರಿನ ಲೆಕ್ಕ ಹಾಕಿ

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎನ್ನುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಪ್ರಕಾರ, 100 ಗ್ರಾಂ ಮೈದಾದಲ್ಲಿ ನಾರು 3 ಗ್ರಾಂಗಿಂತ ತುಸು ಕಡಿಮೆ, ಬಿಳಿ ಅಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಜೋಳದಲ್ಲಿ ಸುಮಾರು 10, ಸಜ್ಜೆ ಮತ್ತು ಇಡೀ ಗೋಧಿಯ ಹಿಟ್ಟಿನಲ್ಲಿ ಸುಮಾರು 11, ಇಡೀ ಹೆಸರುಕಾಳಿನಲ್ಲಿ 17. ಚೀಸ್‌ನಲ್ಲಿ ಸೊನ್ನೆ. ಮನೆ ಮಟ್ಟಿಗೆ ಇಷ್ಟು ಗೊತ್ತಿದ್ದರೆ ಸಾಕು.

ಈಗ ನಮ್ಮ ಲೆಕ್ಕದವರ ಒಂದು ದಿನವನ್ನು ನೋಡೋಣ. ಬೆಳಿಗ್ಗೆ ಚಹಾದ ಜೊತೆ ನಾಲ್ಕು ಖಾರಿ, ಅದರಿಂದ ನಾರು 1 ಗ್ರಾಂ. ಹತ್ತೂವರೆಗೆ ಅಂಗಡಿಯ ಎದುರಿನ ಗಾಡಿಯಲ್ಲಿ ಚೀಸ್ ಸ್ಯಾಂಡ್‌ವಿಚ್, ಬಿಳಿ ಬ್ರೆಡ್ಡಿನ ನಾಲ್ಕು ತುಂಡಿನಿಂದ 2 ಅಥವಾ 3. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ತಿಳಿ ಸಾರು, ಎರಡೂ ಸೇರಿ 4. ಸಂಜೆ ಎರಡು ಮಿರ್ಚಿ ಭಜಿ, ಒಂದು ಪಾವ್, ಅದು 4. ರಾತ್ರಿ ಮತ್ತೆ ಅನ್ನ, ಮೊಸರು, ಉಪ್ಪಿನಕಾಯಿ, ಎರಡು ಚಮಚ ಪಲ್ಯ, ಅದೂ 4. ಒಟ್ಟು 15ರಿಂದ 16 ಗ್ರಾಂ. ಇಡೀ ದಿನ ಹೊಟ್ಟೆ ತುಂಬಿತ್ತು, ಹಸಿವೆಯೇ ಇರಲಿಲ್ಲ, ಆದರೂ ಬೇಕಾದದ್ದಕ್ಕಿಂತ 10 ಗ್ರಾಂ ಕಡಿಮೆ.

ಈ ಲೆಕ್ಕದಲ್ಲಿ ಒಂದು ಸ್ವಾರಸ್ಯವಿದೆ. ಎಲ್ಲರೂ ಬೈಯುವ ಮಿರ್ಚಿ ಭಜಿಯಲ್ಲೇ ಖಾರಿಗಿಂತ ಹೆಚ್ಚು ನಾರು. ಏಕೆಂದರೆ ಅದರ ಹಿಟ್ಟು ಕಡಲೆಬೇಳೆಯದು, ಒಳಗಿರುವುದು ಮೆಣಸಿನಕಾಯಿ. ಭಜಿಯ ತಪ್ಪು ಹಿಟ್ಟಿನದಲ್ಲ, ಎಣ್ಣೆಯದು. ಎಣ್ಣೆ ಹೆಚ್ಚಾದ ತಿನಿಸು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆರು ಗಂಟೆಗೆ ಭಜಿ ತಿಂದವನಿಗೆ ಎಂಟೂವರೆಗೆ ಹಸಿವಿರುವುದಿಲ್ಲ. ಆಗ ತಾಟಿನಲ್ಲಿ ರೊಟ್ಟಿ, ಪಲ್ಯ ಬೇಡವಾಗಿ "ಚೂರು ಮೊಸರನ್ನ ಸಾಕು" ಎನ್ನುತ್ತಾನೆ. ಸಂಜೆಯ ಭಜಿ ರಾತ್ರಿಯ ಊಟವನ್ನು ಕೆಡಿಸುತ್ತದೆ, ರಾತ್ರಿಯ ಊಟ ಮಾರನೇ ಬೆಳಗನ್ನು ಕೆಡಿಸುತ್ತದೆ.

ಮೂರನೇ ಹೆಜ್ಜೆ: ಮೊದಲ ವಾರ ಮಧ್ಯಾಹ್ನದ ಅನ್ನ ಅರ್ಧ ಮಾಡಿ, ಒಂದು ರೊಟ್ಟಿ ಸೇರಿಸಿ

ಒಂದೇ ಬದಲಾವಣೆ. ಖಾರಿ ಇರಲಿ, ಸ್ಯಾಂಡ್‌ವಿಚ್ ಇರಲಿ, ಭಜಿಯೂ ಇರಲಿ. 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 6 ಗ್ರಾಂ ನಾರಿದೆ. ಅಷ್ಟೇ ಅಕ್ಕಿ ಬಿಟ್ಟರೆ ಹೋಗುವುದು 2 ಗ್ರಾಂ ಒಳಗೆ. ಲಾಭ 4 ಗ್ರಾಂ. ಒಂದು ವಾರಕ್ಕೆ ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಬೇಡ. ಏಕೆ ಎಂಬುದು ಎರಡನೇ ವಾರದಲ್ಲಿ ಗೊತ್ತಾಗುತ್ತದೆ.

ದಿನಾ ರೊಟ್ಟಿ ಬಡಿಯಲು ಹೊತ್ತಿಲ್ಲ ಎಂಬುದು ಸುಳ್ಳಲ್ಲ. ಅದಕ್ಕೇ ಖಡಕ್ ರೊಟ್ಟಿ ಇರುವುದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ಮನೆಯಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಒಣಗಿದ ರೊಟ್ಟಿ ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಡಬ್ಬಿ ಒಯ್ಯದವರು ಖಾನಾವಳಿಗೆ ಹೋಗಿ. ಹೊಟ್ಟೆಯ ದೃಷ್ಟಿಯಿಂದ ನಮ್ಮ ಖಾನಾವಳಿಯ ತಾಟಿಗಿಂತ ಒಳ್ಳೆಯ ಹೋಟೆಲ್ ಊಟ ನಾನು ಕಂಡಿಲ್ಲ. ರೊಟ್ಟಿ, ಕಾಳುಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಬದಿಗೆ ಹಸಿ ಮೆಂತೆ ತಪ್ಪಲ, ಸವತಿಕಾಯಿ, ಗಜ್ಜರಿ. ಅನ್ನ ಬರುವುದು ಕೊನೆಗೆ, ಒಂದು ವಾಟಿಯಷ್ಟು. ಜನ ಮಾಡುವ ಎಡವಟ್ಟೆಂದರೆ ಒಂದೇ ರೊಟ್ಟಿ ತಿಂದು, ತಪ್ಪಲವನ್ನು ಹಾಗೇ ಬಿಟ್ಟು, ಅನ್ನಕ್ಕೆ ಎರಡು ಸಲ ಕೈ ಚಾಚುವುದು.

ಮನೆಯಲ್ಲಿ ಮಾಡುವವರು ಹಿಟ್ಟಿನ ಕಡೆ ಗಮನ ಕೊಡಿ. ಗಿರಣಿಯಿಂದ ತಂದ ಗೋಧಿ ಹಿಟ್ಟನ್ನು ನಯವಾದ ಸಾಣಿಗೆಯಲ್ಲಿ ಸಾಣಿಸಿ ತೌಡನ್ನು ದನಕ್ಕೆ ಹಾಕುವ ಮನೆಗಳಿವೆ. ಆ ಮನೆಯಲ್ಲಿ ದನದ ಹೊಟ್ಟೆ ಚೆನ್ನಾಗಿರುತ್ತದೆ. ಕಸಕಡ್ಡಿ ನೋಡಲು ದೊಡ್ಡ ಕಣ್ಣಿನ ಸಾಣಿಗೆ ಸಾಕು. ಬೇಕರಿಯ "ಕಂದು ಬ್ರೆಡ್" ನಂಬಿ ಕೊಳ್ಳುವವರು ಪ್ಯಾಕೆಟ್ಟಿನ ಹಿಂದೆ ಪದಾರ್ಥಗಳ ಪಟ್ಟಿ ನೋಡಿ. ಹೆಚ್ಚು ಪ್ರಮಾಣದಲ್ಲಿರುವುದನ್ನೇ ಮೊದಲು ಬರೆದಿರುತ್ತಾರೆ. ಮೊದಲ ಹೆಸರು ಮೈದಾ ಆಗಿದ್ದರೆ ಬಣ್ಣಕ್ಕೆ ಅರ್ಥವಿಲ್ಲ.

ನಾಲ್ಕನೇ ಹೆಜ್ಜೆ: ಎರಡನೇ ವಾರ ಕಾಳು

ಒಂದು ಹಿಡಿ ಮಡಕಿ ಕಾಳು ಅಥವಾ ಹೆಸರುಕಾಳು, ಒಣಗಿದ್ದಾಗ 25ರಿಂದ 30 ಗ್ರಾಂ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಒಡೆದಿರುತ್ತದೆ. ನೆನೆಸಿ ಮೊಳಕೆ ಬರಿಸುವುದು ರುಚಿಗೆ ಮಾತ್ರವಲ್ಲ. ಕಾಳಿನಲ್ಲಿರುವ, ನಮಗೆ ಜೀರ್ಣವಾಗದೆ ದೊಡ್ಡ ಕರುಳಿನಲ್ಲಿ ಗ್ಯಾಸ್ ಹುಟ್ಟಿಸುವ ಕೆಲವು ಸಕ್ಕರೆಗಳು ಇದರಿಂದ ಕಡಿಮೆಯಾಗುತ್ತವೆ. ಮೆತ್ತಗೆ ಬೇಯಿಸಿ ಪಲ್ಯ ಮಾಡಿ, ಮಧ್ಯಾಹ್ನದ ರೊಟ್ಟಿಗೆ ಹಚ್ಚಿಕೊಳ್ಳಿ. ಇದರಿಂದ ಇನ್ನೂ ನಾಲ್ಕೈದು ಗ್ರಾಂ ಸೇರುತ್ತದೆ.

ನಮ್ಮ ಲೆಕ್ಕದವರು ಮೊದಲ ವಾರದಲ್ಲಿ ಒಂದು ದಿನ 3 ಕಂಡದ್ದೇ ಹುರುಪಿಗೆ ಬಂದರು. ಎರಡನೇ ವಾರದ ಸೋಮವಾರವೇ ದೊಡ್ಡ ಬಟ್ಟಲು ಮಡಕಿ ಉಸುಳಿ, ಮೂರು ರೊಟ್ಟಿ, ಮೇಲೆ ಹಸಿ ಮೂಲಂಗಿ. ಬುಧವಾರ ಫೋನು ಬಂತು: "ಹೊಟ್ಟಿ ನಗಾರಿ ಆಗೇದ್ರಿ. ಅಂಗಡಿಯೊಳಗ ಕುಂದ್ರಾಕ ಆಗವಲ್ದು. ನಿಮ್ಮ ರೊಟ್ಟಿ ನಮಗ ಒಗ್ಗಂಗಿಲ್ಲ."

ರೊಟ್ಟಿ ಒಗ್ಗದ್ದಲ್ಲ, ಅವಸರ ಒಗ್ಗದ್ದು. ಕರುಳಿನ ಬ್ಯಾಕ್ಟೀರಿಯಾಗಳು ಹೊಸ ನಾರಿಗೆ ಹೊಂದಿಕೊಳ್ಳಲು ಹೊತ್ತು ಬೇಕು. ವಾರಕ್ಕೆ 5 ಗ್ರಾಂನಷ್ಟು ಏರಿಸಿದರೆ ಗ್ಯಾಸ್ ಸಹಿಸುವಷ್ಟಿರುತ್ತದೆ, ಒಂದೆರಡು ವಾರದಲ್ಲಿ ತಾನೇ ತಗ್ಗುತ್ತದೆ. ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬಿ, ಜನ ಎಲ್ಲ ಬಿಟ್ಟು ಅನ್ನಕ್ಕೆ ಹಿಂದಿರುಗುತ್ತಾರೆ. ಅವರಿಗೆ ಮೂಲಂಗಿ ಬಿಡಿಸಿ, ಕಾಳನ್ನು ಎರಡು ದೊಡ್ಡ ಚಮಚಕ್ಕೆ ಇಳಿಸಿ, ಮೂರು ದಿನ ಅಲ್ಲೇ ನಿಲ್ಲಿಸಿದೆ. ಭಾನುವಾರದ ಹೊತ್ತಿಗೆ ನಗಾರಿ ನಿಂತಿತ್ತು.

ಐದನೇ ಹೆಜ್ಜೆ: ಮೂರನೇ ವಾರ ಬೆಳಗು, ಸಂಜೆ

ಈಗ ಖಾರಿಯ ಸರದಿ. ಖಾರಿ ಎಂದರೆ ಮೈದಾದ ಜೊತೆ ಸಾಕಷ್ಟು ಕೊಬ್ಬನ್ನು ಪದರ ಪದರವಾಗಿ ಲಟ್ಟಿಸಿ ಸುಟ್ಟದ್ದು, ಪರೋಕ್ಷವಾಗಿ ಅದೂ ಕರಿದ ತಿನಿಸಿನ ಬಳಗವೇ. ಚಹಾ ಬಿಡುವುದು ಬೇಡ. ಖಾರಿಯ ಜಾಗದಲ್ಲಿ ಅರ್ಧ ಖಡಕ್ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡರೂ ಆದೀತು. ಹತ್ತೂವರೆಯ ಸ್ಯಾಂಡ್‌ವಿಚ್ ವಾರಕ್ಕೆ ಎರಡು ದಿನ ಇರಲಿ, ಉಳಿದ ದಿನ ಒಂದು ಪೇರಲಹಣ್ಣು. ಬೀಜ ಸಮೇತ 100 ಗ್ರಾಂ ಪೇರಲದಲ್ಲಿ 8 ಗ್ರಾಂನಷ್ಟು ನಾರಿದೆ. ಹಣ್ಣಿನಂಗಡಿಯಲ್ಲಿ ಸಿಗುವ ಹಣ್ಣುಗಳಲ್ಲಿ ಈ ಕೆಲಸಕ್ಕೆ ಇದರಷ್ಟು ಅಗ್ಗದ್ದು ಇನ್ನೊಂದಿಲ್ಲ. ಪೇರಲ ಇಲ್ಲದ ದಿನಗಳಲ್ಲಿ ಪಪ್ಪಾಯಿ, ಅಥವಾ ನೆನೆಸಿದ ಒಣದ್ರಾಕ್ಷಿ. ದ್ರಾಕ್ಷಿಯ ಜಿಲ್ಲೆಯವರಿಗೆ ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಒಣದ್ರಾಕ್ಷಿಯನ್ನು ಲೆಕ್ಕವಿಟ್ಟು ತಿನ್ನಬೇಕು.

ಸಂಜೆಯ ಭಜಿಗೆ ನಾನು ಹಾಕುವ ಷರತ್ತು ಎರಡೇ: ಪಾವ್ ಬೇಡ, ಮತ್ತು ಭಜಿ ತಿಂದ ದಿನ ರಾತ್ರಿಯ ಊಟ ತಡವಾದರೂ ಅನ್ನವಷ್ಟೇ ಆಗಬಾರದು. ಗಿರಮಿಟ್ ತಿನ್ನುವವರು ಅದರ ಮೇಲೆ ಉಳ್ಳಾಗಡ್ಡಿ, ಟೊಮೇಟೊ, ಪುಟಾಣಿ ಹಿಟ್ಟು ಧಾರಾಳ ಹಾಕಿಸಿಕೊಳ್ಳಿ. ಚುರುಮುರಿ ಅಕ್ಕಿಯದೇ, ಅದರಿಂದ ಹೆಚ್ಚೇನೂ ಬಾರದು.

ಕರಿದದ್ದು ಎಲ್ಲರಿಗೂ ಹೊಟ್ಟೆ ಕಟ್ಟುವುದಿಲ್ಲ ಎಂಬುದನ್ನೂ ಹೇಳಬೇಕು. ಕೆಲವರಿಗೆ ಭಜಿ ತಿಂದ ಮಾರನೇ ದಿನ ಹೊಟ್ಟೆ ಸಡಿಲವಾಗುತ್ತದೆ, ಖಾರಕ್ಕೆ ಉರಿಯೂ ಇರುತ್ತದೆ. ಪಿತ್ತಕೋಶ ತೆಗೆಸಿಕೊಂಡವರಲ್ಲಿ ಇದು ಹೆಚ್ಚು. ಅಂಥವರಿಗೆ ಬೇಕಾದದ್ದು ರೊಟ್ಟಿ ಹೆಚ್ಚಿಸುವುದಲ್ಲ, ಎಣ್ಣೆ ಇಳಿಸುವುದು. ಮಲ ಬಿಳಿಚಿಕೊಂಡು, ಜಿಡ್ಡುಜಿಡ್ಡಾಗಿ, ವಿಪರೀತ ನಾರುತ್ತಾ, ನೀರು ಹಾಕಿದರೂ ಹೋಗದೆ ಅಂಟಿಕೊಳ್ಳುವುದು ವಾರಗಟ್ಟಲೆ ನಡೆದರೆ ಕೊಬ್ಬು ಜೀರ್ಣವಾಗುತ್ತಿಲ್ಲ ಎಂದರ್ಥ, ಅದಕ್ಕೆ ಪರೀಕ್ಷೆ ಬೇಕು.

ನೀರು, ಮತ್ತು ಕೂರುವ ಹೊತ್ತು

ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಗಟ್ಟಿಯಾದದ್ದು ಗಟ್ಟಿಯಾಗಿಯೇ ಉಳಿಯುತ್ತದೆ, ಗಾತ್ರ ಮಾತ್ರ ದೊಡ್ಡದಾಗುತ್ತದೆ. ಅದು ಮೊದಲಿಗಿಂತ ಕಷ್ಟ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಬೆವರಿನಲ್ಲೇ ನೀರು ಹೋಗುತ್ತದೆ. ಬೇಸಿಗೆಯಲ್ಲಿ ಹೊಟ್ಟೆಯ ದೂರು ಹೆಚ್ಚುವುದು ಇದಕ್ಕೇ. ಎರಡು ಲೀಟರ್ ಎಂದು ಶುರು ಮಾಡಿ, ಬಿಸಿಲಲ್ಲಿ ಓಡಾಡುವವರು ಇನ್ನೂ ಹೆಚ್ಚು. ಮೂತ್ರ ತಿಳಿ ಹಳದಿ ಇದ್ದರೆ ಸಾಕಾಗುತ್ತಿದೆ ಎಂದು ತಿಳಿಯಿರಿ. ಖಡಕ್ ರೊಟ್ಟಿ ತಿನ್ನುವ ದಿನ ಒಂದು ಲೋಟ ಮಜ್ಜಿಗೆ ಜೊತೆಗಿರಲಿ. ಕಿಡ್ನಿ ಅಥವಾ ಹೃದಯದ ತೊಂದರೆಯಿಂದ ನೀರು ಕಡಿಮೆ ಕುಡಿಯಲು ಡಾಕ್ಟರು ಹೇಳಿದವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಊಟ ಜಠರಕ್ಕೆ ಬಿದ್ದೊಡನೆ ದೊಡ್ಡ ಕರುಳು ತಾನೂ ಚಲಿಸಲು ಶುರುಮಾಡುತ್ತದೆ, ಬೆಳಿಗ್ಗೆ ಇದು ಇನ್ನೂ ಜೋರು. ಆದ್ದರಿಂದ ನಾಷ್ಟಾ ಮಾಡಿದ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಹೋಗಿ ಕೂರಿ. ಅಂಗಡಿ ತೆರೆಯುವ ಗಡಿಬಿಡಿಯಲ್ಲಿ ಬಂದ ಕರೆಯನ್ನು ತಡೆಹಿಡಿಯುವುದನ್ನು ರೂಢಿ ಮಾಡಿಕೊಂಡರೆ ಕರೆಯೇ ಬರುವುದು ನಿಲ್ಲುತ್ತದೆ. ಕಮೋಡ್ ಬಳಸುವವರು ಕಾಲ ಕೆಳಗೆ ಒಂದು ಗೇಣೆತ್ತರದ ಮಣೆ ಇಟ್ಟು ಮುಂದಕ್ಕೆ ಬಾಗಿದರೆ ದಾರಿ ನೆಟ್ಟಗಾಗುತ್ತದೆ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ. ಮೊಬೈಲ್ ಹೊರಗಿರಲಿ. ತಿಣುಕುತ್ತಾ ಹೊತ್ತುಗಟ್ಟಲೆ ಕೂರುವುದೇ ಮೂಲವ್ಯಾಧಿಗೆ ಆಹ್ವಾನ.

ಚೀಸ್ ಬಗ್ಗೆ ಬೇರೆಯಾಗಿ

ಚೀಸ್ ದೊಡ್ಡವರಲ್ಲಿ ನೇರವಾಗಿ ಹೊಟ್ಟೆ ಕಟ್ಟುತ್ತದೆ ಎನ್ನಲು ಗಟ್ಟಿ ಆಧಾರ ಕಡಿಮೆ. ಅದು ಬರುವ ಸಂಗದಲ್ಲಿ ದೋಷವಿದೆ: ಪಿಜ್ಜಾದ ಮೈದಾ ರೊಟ್ಟಿ, ಸ್ಯಾಂಡ್‌ವಿಚ್ಚಿನ ಬಿಳಿ ಬ್ರೆಡ್, ಚೀಸ್ ಮಸಾಲೆ ದೋಸೆಯ ಬೆಣ್ಣೆ. ನಾರು ಸೊನ್ನೆ, ಕೊಬ್ಬು ಹೆಚ್ಚು, ಬೇಗ ಹೊಟ್ಟೆ ತುಂಬಿದಂತಾಗುತ್ತದೆ, ಕಾಯಿಪಲ್ಯಕ್ಕೆ ಜಾಗ ಉಳಿಯುವುದಿಲ್ಲ. ಒಂದು ಚೀಸ್ ತುಂಡನ್ನು ಗೋಧಿ ಚಪಾತಿಯಲ್ಲಿ ಸವತಿಕಾಯಿ, ಉಳ್ಳಾಗಡ್ಡಿ, ಬೇಯಿಸಿದ ಹೆಸರುಕಾಳಿನ ಜೊತೆ ಸುತ್ತಿ ಕೊಟ್ಟರೆ ಅದೇ ಚೀಸ್ ಯಾರಿಗೂ ತೊಂದರೆ ಕೊಡುವುದಿಲ್ಲ.

ಮಕ್ಕಳ ವಿಷಯ ತುಸು ಬೇರೆ. ಹಾಲು ಕುಡಿದೇ ಹೊಟ್ಟೆ ತುಂಬಿಸಿಕೊಂಡು, ಮೇಲೆ ಚೀಸ್, ಬಿಸ್ಕಿಟ್ ಬಿಟ್ಟರೆ ಬೇರೇನೂ ಮುಟ್ಟದ ಮಕ್ಕಳಲ್ಲಿ ಮಲ ಕಲ್ಲಾಗುವುದು ಸಾಮಾನ್ಯ. ಒಮ್ಮೆ ನೋವಾದರೆ ಮಗು ಹೆದರಿ ತಡೆಹಿಡಿಯುತ್ತದೆ, ತಡೆಹಿಡಿದಷ್ಟೂ ಇನ್ನೂ ಗಟ್ಟಿ. ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನೇ ಆಗಿಬರದೆ ಮಲಬದ್ಧತೆ ಆಗುವುದುಂಟು. ಅದನ್ನು ಮನೆಯಲ್ಲೇ ಹಾಲು ಬಿಡಿಸಿ ಪರೀಕ್ಷಿಸಲು ಹೋಗದೆ ಮಕ್ಕಳ ಡಾಕ್ಟರನ್ನು ಕೇಳಿ ಮಾಡಬೇಕು. ಬೆಳೆಯುವ ಮಗುವಿಗೆ ಹಾಲಿನ ಬದಲು ಏನು ಕೊಡಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕಲ್ಲ.

ಚೂರ್ಣ, ಇಸಬಗೋಲ್, ಮತ್ತು ಯಾವಾಗ ನಿಲ್ಲಿಸಬೇಕು

ನಮ್ಮ ಲೆಕ್ಕದವರು ಚೂರ್ಣವನ್ನು ಮೊದಲ ವಾರ ಬಿಟ್ಟಿರಲಿಲ್ಲ, ನಾನೂ ಬಿಡಿಸಲಿಲ್ಲ. ಎರಡನೇ ವಾರ ದಿನ ಬಿಟ್ಟು ದಿನ, ಮೂರನೇ ವಾರ ಇಲ್ಲ. ಇಂಥ ಅನೇಕ ಚೂರ್ಣಗಳಲ್ಲಿ ಸೋನಾಮುಖಿ ಇರುತ್ತದೆ. ಅದು ಕರುಳನ್ನು ಚುಚ್ಚಿ ಓಡಿಸುವ ಜಾತಿಯದು. ಆಗೊಮ್ಮೆ ಈಗೊಮ್ಮೆ ತೆಗೆದುಕೊಂಡರೆ ಅಡ್ಡಿಯಿಲ್ಲ, ಡಾಕ್ಟರನ್ನು ಕೇಳದೆ ವರ್ಷಗಟ್ಟಲೆ ನುಂಗುವಂಥದ್ದಲ್ಲ. ಮೂರನೇ ವಾರದ ಕೊನೆಗೆ ಅವರ ನೋಟ್‌ಬುಕ್‌ನಲ್ಲಿ 3 ಮತ್ತು 4 ಹೆಚ್ಚಾಗಿದ್ದವು. 2 ಬಂದದ್ದು ಮದುವೆಯೂಟಕ್ಕೆಂದು ಜಮಖಂಡಿಗೆ ಹೋಗಿ ಎರಡು ದಿನ ಪೂರಿ, ಅನ್ನ, ಬೂಂದಿಯ ಮೇಲೆ ಇದ್ದು ಬಂದಾಗ. ನಾರಿನ ಲೆಕ್ಕ 28 ಗ್ರಾಂ ಆಸುಪಾಸು ತಲುಪಿತ್ತು.

ರೊಟ್ಟಿ, ಕಾಳು ತಿನ್ನಲು ಹಲ್ಲಿಲ್ಲದ ವಯಸ್ಸಾದವರಿಗೆ ಜೋಳದ ನುಚ್ಚು ಮಜ್ಜಿಗೆ ಮಾಡಿಕೊಡಿ. ಅದೂ ಸಾಲದಿದ್ದರೆ ಇಸಬಗೋಲ್: ಒಂದು ಚಮಚದಿಂದ ಶುರು, ಒಂದು ಪೂರ್ತಿ ಲೋಟ ನೀರಿಗೆ ಕಲಸಿ, ದಪ್ಪಗಾಗುವ ಮುಂಚೆಯೇ ಕುಡಿದು, ಮೇಲೊಂದು ಲೋಟ ನೀರು. ಒಣದಾಗಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ನುಂಗಲು ತೊಂದರೆ ಇರುವವರಿಗೆ ಕೊಡಲೇಬಾರದು. ಬೇರೆ ಗುಳಿಗೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಮೂರು-ನಾಲ್ಕು ವಾರ ಸರಿಯಾಗಿ ನಡೆಸಿಯೂ ಆಕಾರ 1, 2ರಲ್ಲೇ ನಿಂತರೆ, ಅಥವಾ ನಾರು ಹೆಚ್ಚಿಸಿದಷ್ಟೂ ಹೊಟ್ಟೆ ಉಬ್ಬಿ ಮಲ ಮಾತ್ರ ಬಾರದಿದ್ದರೆ, ಇನ್ನೊಂದು ರೊಟ್ಟಿ ಸೇರಿಸಬೇಡಿ. ಕೆಲವರಲ್ಲಿ ಕರುಳಿನ ಚಲನೆಯೇ ನಿಧಾನ. ಇನ್ನು ಕೆಲವರಲ್ಲಿ ಗುದದ್ವಾರದ ಸ್ನಾಯು ತಿಣುಕುವಾಗ ಸಡಿಲವಾಗುವ ಬದಲು ಬಿಗಿಯುತ್ತದೆ. ಮಲ 4ರಷ್ಟು ಮೆತ್ತಗಿದ್ದರೂ ಹೊರಗೆ ಬಾರದು, ಬಾಗಿಲಲ್ಲೇ ನಿಂತಂತೆ ಅನಿಸುತ್ತದೆ. ಇದಕ್ಕೆ ಊಟದಲ್ಲಿ ಉತ್ತರವಿಲ್ಲ, ಹೊಟ್ಟೆ-ಕರುಳಿನ ತಜ್ಞರ ಬಳಿ ಇದೆ. ಹೋಗುವಾಗ ಆ ನೋಟ್‌ಬುಕ್ ಮತ್ತು ಮನೆಯಲ್ಲಿ ತಿನ್ನುತ್ತಿರುವ ಎಲ್ಲ ಗುಳಿಗೆ, ಚೂರ್ಣಗಳ ಪ್ಯಾಕೆಟ್ಟುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.